ಅರ್ಧಕ್ಕೆ ಬಿಟ್ಟು ಬಂದ ನೌಕರಿ

ನಮ್ಮ ಅಣ್ಣನಿಗೆ ಒಂದು ಮಾತು ಬಾಯಿಪಾಠವಾಗಿತ್ತು: "ಅರ್ಧಕ್ಕ ಬಿಟ್ಟು ಬಂದಾಂವ ನೀ." ಮದುವೆ ಮನೆಯ ಪಂಕ್ತಿಯಾಗಲಿ, ಗುತ್ತಲದ ನಮ್ಮ ಹೊಲದ ಬದುವಾಗಲಿ, ನಾಲ್ಕು ಮಂದಿ ಸೇರಿದರೆ ಸಾಕು, ಆ ಮಾತು ಬರಲೇಬೇಕು. ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಹದಿನೆಂಟು ತುಂಬುವ ಮೊದಲೇ ನಾನು ಸೈನ್ಯ ಸೇರಿದೆ. ಸಿಪಾಯಿಗೆ ಪಿಂಚಣಿ ಬರಬೇಕಾದರೆ ಹದಿನೈದು ವರ್ಷ ದುಡಿಯಬೇಕು. ಒಂಬತ್ತನೆಯ ವರ್ಷದಲ್ಲಿ ಅವ್ವನಿಗೆ ಲಕ್ವಾ ಹೊಡೆಯಿತು. ಅಪ್ಪ ಆಗಲೇ ತೀರಿಹೋಗಿದ್ದ. ಮನೆಯ ತೊಂದರೆ ಬರೆದು ಅರ್ಜಿ ಕೊಟ್ಟು ಬಿಡುಗಡೆ ತೆಗೆದುಕೊಂಡೆ. ಪಿಂಚಣಿ ಇಲ್ಲ, ಒಂದಿಷ್ಟು ಗ್ರಾಚ್ಯುಟಿ ಕೈಗಿಟ್ಟು ಕಳಿಸಿದರು.

ಅವ್ವ ಎದ್ದು ಓಡಾಡುವಂತಾದಳು, ಎಡಗೈ ಮಾತ್ರ ಸರಿಹೋಗಲಿಲ್ಲ. ಅಣ್ಣ ಹಾಗೆ ಅಂದಾಗಲೆಲ್ಲ ಅವಳು ಸುಮ್ಮನೆ ಎದ್ದು ಒಳಗೆ ಹೋಗುತ್ತಿದ್ದಳು. ಒಮ್ಮೆ ಮಾತ್ರ ನನ್ನ ಹೆಂಡತಿಯ ಮುಂದೆ, "ಇವನ ಅನ್ನ ನಾ ಕಸಗೊಂಡೆ, ಯವ್ವಾ" ಅಂದಿದ್ದಳಂತೆ. ಅದನ್ನು ಕೇಳಿದ ದಿನ ನನಗೆ ಅಣ್ಣನ ಮೇಲೆ ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ.

ಸರಕಾರಿ ನೌಕರಿ ಸೇರುವ ವಯಸ್ಸಿನ ಮಿತಿ ಮುಗಿಯುವ ಹೊತ್ತಿಗೆ ಬ್ಯಾಡಗಿಯ ಒಂದು ಸರಕಾರಿ ಕಚೇರಿಯಲ್ಲಿ ಗುಮಾಸ್ತನಾದೆ. ಹಳೆಯ ಪಿಂಚಣಿ ಪದ್ಧತಿ ಇದ್ದ ಕಾಲ ಅದು. ಸೈನ್ಯದಿಂದ ಪಿಂಚಣಿ ಇಲ್ಲದೆ ಬಂದವರು ಅಲ್ಲಿಯ ಸೇವೆಯನ್ನು ಇಲ್ಲಿಯ ಪಿಂಚಣಿಗೆ ಸೇರಿಸಿಕೊಳ್ಳಬಹುದು, ಆದರೆ ಅಲ್ಲಿ ಪಡೆದ ಗ್ರಾಚ್ಯುಟಿಯನ್ನು ಸರಕಾರಕ್ಕೆ ಮರಳಿ ಕಟ್ಟಬೇಕು ಎಂದು ನಿಯಮ. ಗಡುವಿನೊಳಗೇ ನನ್ನ ಒಪ್ಪಿಗೆ ಬರೆದುಕೊಟ್ಟೆ. ಸೈನ್ಯದ ದಾಖಲೆ ಕಚೇರಿಯಿಂದ ಸೇವೆ ಖಾತ್ರಿಯಾಗಿ ಬಂತು. ಗ್ರಾಚ್ಯುಟಿ ದುಡ್ಡು ಅವ್ವನ ಔಷಧಿಗೆ ಎಂದೋ ಕರಗಿತ್ತು, ಹಾಗಾಗಿ ತಿಂಗಳ ಸಂಬಳದಲ್ಲಿ ಕಂತು ಕಂತಾಗಿ ಮುರಿಸಿಕೊಂಡೆ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಕೆಲಸ ಮುಗಿಯಲಿ, ಆದೇಶ ತಂದು ಅಣ್ಣನ ಮುಂದೆ ಇಡೋಣ ಎಂಬ ಹಟ ನನ್ನದು.

ನಡುವೆ ರಾಣೆಬೆನ್ನೂರಿಗೆ ವರ್ಗವಾಯಿತು. ವರ್ಗವಾದವನ ಸಂಬಳ ಎಷ್ಟು, ಅದರಲ್ಲಿ ಏನೇನು ಮುರಿಯಬೇಕು ಎಂದು ಹಳೆಯ ಕಚೇರಿ ಹೊಸ ಕಚೇರಿಗೆ ಒಂದು ಪ್ರಮಾಣಪತ್ರ ಕಳಿಸುತ್ತದೆ. ನನ್ನದರಲ್ಲಿ ಸೊಸೈಟಿ ಸಾಲ ಬರೆದರು, ವಿಮೆ ಬರೆದರು, ಗ್ರಾಚ್ಯುಟಿಯ ಕಂತು ಬರೆಯಲಿಲ್ಲ. ಅಲ್ಲಿಗೆ ಕಡಿತ ನಿಂತಿತು. ಸಂಬಳ ಹೆಚ್ಚಿಗೆ ಬಂದದ್ದು ನೋಡಿ ನಾನೇ ವಿಚಾರಿಸಿದೆ. "ಮುಗದಿರ್ಬೇಕು ಬಿಡ್ರಿ, ಮುಗೀದಿದ್ರ ಬರೀತಿದ್ರು" ಅಂದರು ಹೊಸ ಕಚೇರಿಯವರು. ಸರಕಾರಿ ಕಚೇರಿಯಲ್ಲಿ ಬರೆಯದೇ ಬಿಟ್ಟದ್ದು ಇಲ್ಲವೆಂದೇ ಲೆಕ್ಕ.

ನಿವೃತ್ತಿಗೆ ಕೆಲವು ತಿಂಗಳಿರುವಾಗ ಹಾವೇರಿಯ ಜಿಲ್ಲಾ ಕಚೇರಿಯಿಂದ ಕರೆ ಬಂತು. ಅಲ್ಲಿ ಪಿಂಚಣಿ ಕಡತ ನೋಡುವವಳು ನನ್ನ ಮಗಳ ವಯಸ್ಸಿನ ಹುಡುಗಿ. "ಕುಂದರ್ರಿ ಸರ್" ಅಂದು ನನ್ನ ಸೇವಾ ಪುಸ್ತಕ ಬಿಚ್ಚಿದಳು.

"ಸರ್, ನಿಮ್ಮ ಮಿಲಿಟರಿ ಸರ್ವಿಸ್ ಸೇರಸಾಕ ಬರೂದಿಲ್ರಿ. ಗ್ರಾಚ್ಯುಟಿ ಪೂರಾ ತುಂಬಿಲ್ಲ."

"ಬಹುಪಾಲು ತುಂಬೇನಲ್ಲವಾ."

"ಪೂರಾ ತುಂಬೂತನಾ ಆ ಹಕ್ಕು ಬರಂಗಿಲ್ರಿ. ಒಂದು ಕಂತು ಉಳದ್ರೂ ಅಷ್ಟ."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುವುದು ಇದನ್ನೇ. ಆ ವರ್ಷಗಳು ಸೇರಿದರೆ ನನಗೆ ಪೂರ್ಣ ಪಿಂಚಣಿ, ಇಲ್ಲದಿದ್ದರೆ ಜೀವನಪೂರ್ತಿ ಕಡಿಮೆ. ಅದಕ್ಕಿಂತ ಹೆಚ್ಚಾಗಿ, ಅಣ್ಣನ ಮಾತು ಸರಕಾರದ ಮೊಹರು ಬಿದ್ದು ಖಾಯಂ ಆಗುತ್ತಿತ್ತು. ಮೇಜು ಗುದ್ದಿದೆ. ಹಿಮದಲ್ಲಿ ನಿಂತ ರಾತ್ರಿಗಳನ್ನೂ ಕಂತಿನಲ್ಲಿ ತೆಗೆದುಕೊಂಡಿದ್ದರೇನು ಸರಕಾರದವರು ಎಂದು ಕೂಗಾಡಿದೆ. ಆಕೆ ನೀರಿನ ಬಾಟಲಿ ನನ್ನ ಕಡೆ ಸರಿಸಿದಳು.

"ಒದರಿದ್ರ ಸರ್ವಿಸ್ ಸೇರ್ತೈತಿ ಅಂದ್ರ ನಾನೂ ನಿಮ್ಮ ಜೋಡಿ ಒದರತೇನ್ರಿ. ಎಷ್ಟು ಮುರದಾರ, ಎಷ್ಟು ಉಳದೈತಿ, ಎರಡೂ ಆಫೀಸಿಂದ ಬರಸ್ಕೊಂಡು ಬರ್ರಿ. ನೀವಿನ್ನೂ ನೌಕರ್ಯಾಗ ಅದೀರಿ. ಉಳದದ್ದು ತುಂಬಾಕ ಪರವಾನಗಿ ಕೇಳೂಣು."

ನನಗೆ ನಗು ಬಂತು. ಅಂಜುವ ಜಾತಿಯವನು ನಾನಲ್ಲ. ದಾರಿ ಇದೆ ಎಂದು ತಿಳಿದ ಮೇಲೆ ನಡೆಯುವುದಷ್ಟೇ ಉಳಿದದ್ದು. ಮರುದಿನವೇ ಬ್ಯಾಡಗಿ ಬಸ್ಸು ಹತ್ತಿದೆ. ಮೆಣಸಿನಕಾಯಿ ಸುಗ್ಗಿ. ಕಚೇರಿಯ ಹಿಂದಿನ ಕೋಣೆಯಲ್ಲಿ ಹಳೆಯ ಸಂಬಳದ ಬಿಲ್ಲುಗಳ ಗಂಟು ಬಿಚ್ಚುತ್ತ ಧೂಳಿಗೊಮ್ಮೆ, ಘಾಟಿಗೊಮ್ಮೆ ಸೀನಿದೆ. ಊರವರಿಗೆ ಆ ಘಾಟು ಮೂಗಿಗೇ ಹತ್ತುವುದಿಲ್ಲ, ನನ್ನ ಅವಸ್ಥೆ ನೋಡಿ ಅಲ್ಲಿಯ ಗುಮಾಸ್ತ, "ಇಷ್ಟು ವರ್ಷ ಇಲ್ಲೇ ನೌಕರಿ ಮಾಡೀರಿ, ಮೂಗು ಮರತ ಬಿಡ್ತೇನ್ರಿ?" ಅಂತ ಚೇಷ್ಟೆ ಮಾಡಿದ. ಕಡಿತದ ವಿವರ ಸಿಕ್ಕಿತು, ಅವನೇ ಬರೆದು ಸಹಿ ಮಾಡಿಸಿಕೊಟ್ಟ. ತಮ್ಮಲ್ಲಿಗೆ ಬಂದ ಮೇಲೆ ಯಾವ ಕಡಿತವೂ ಆಗಿಲ್ಲ ಎಂದು ರಾಣೆಬೆನ್ನೂರಿನವರೂ ಬರೆದರು. ತಪ್ಪು ಕಚೇರಿಯದು ಎಂದು ಕಾಗದದ ಮೇಲೆ ಬಂತು. ಪರವಾನಗಿ ಸಿಕ್ಕಿ, ಹೇಳಿದಷ್ಟನ್ನೂ ಖಜಾನೆಯ ಚಲನಿನಲ್ಲಿ ಬ್ಯಾಂಕಿಗೆ ಒಂದೇ ಏಟಿಗೆ ತುಂಬಿದೆ.

ಅಷ್ಟಕ್ಕೇ ಮುಗಿಯಲಿಲ್ಲ. ಹಾವೇರಿಯ ಹುಡುಗಿ ಮತ್ತೆ ತಡೆದಳು. ಹದಿನೆಂಟು ತುಂಬುವ ಮುಂಚಿನ ಸೇವೆ ಲೆಕ್ಕಕ್ಕಿಲ್ಲವಂತೆ. ಭರ್ತಿಯಾದ ಮೊದಲ ಕೆಲವು ತಿಂಗಳು ಕತ್ತರಿಸಿಯೇ ಬಿಟ್ಟಳು.

"ಹದಿನೇಳರ ಹುಡುಗನ ಕೈಯಾಗ ಸಣ್ಣ ರೈಫಲ್ ಕೊಟ್ಟಿದ್ರೇನವಾ?" ಅಂದೆ.

"ನಾವು ರೈಫಲ್ ನೋಡಂಗಿಲ್ರಿ ಸರ್, ಜನ್ಮ ತಾರೀಖು ನೋಡ್ತೇವಿ."

ಈ ಸಲ ಮೇಜು ಗುದ್ದಲಿಲ್ಲ. ಆ ತಿಂಗಳುಗಳು ಹೋದರೂ ಪೂರ್ಣ ಪಿಂಚಣಿಗೆ ಬೇಕಾದಷ್ಟು ಉಳಿಯುತ್ತಿತ್ತು. ಕಡತ ಪಿಂಚಣಿ ಆದೇಶ ಕೊಡುವ ಬೆಂಗಳೂರಿನ ಮಹಾಲೇಖಪಾಲರ ಕಚೇರಿಗೆ ಹೋಯಿತು, ನಾನು ನಿವೃತ್ತನಾದೆ. ಹಾರ, ಶಾಲು, ಭಾಷಣ ಎಲ್ಲ ಆದವು. ಅಣ್ಣ ಬಂದಿದ್ದ. ಊಟಕ್ಕೆ ಕೂತಾಗ ಹಳೆಯ ಮಾತು ತೆಗೆದ. ನಾನು ಹೋಳಿಗೆಗೆ ಇನ್ನಷ್ಟು ತುಪ್ಪ ಹಾಕಿಸಿಕೊಂಡೆ.

ಕೆಲವು ವಾರಕ್ಕೆ ಪಿಂಚಣಿ ಆದೇಶ ಬಂತು. ಒಳಗಿನ ಪುಟದಲ್ಲಿ ಸೈನ್ಯದ ಸೇವೆ, ಕೆಳಗೆ ಇಲ್ಲಿಯ ಸೇವೆ, ಅದರ ಕೆಳಗೆ ಎರಡೂ ಕೂಡಿದ ಲೆಕ್ಕ. ಅಣ್ಣನ ಊರಿಗೆ ಹೋಗಲು ಗಾಡಿಯ ಕೀಲಿ ಕೈಯಲ್ಲಿ ಹಿಡಿದಿದ್ದೆ. ಅವ್ವ ಪಡಸಾಲೆಯಲ್ಲಿ ಕೂತಿದ್ದಳು. "ಏನ್ ಕಾಗದ ಅದು?" ಅಂದಳು. ಅವಳಿಗೆ ಓದು ಬಾರದು. ಪಕ್ಕದಲ್ಲಿ ಕೂತು ಹೇಳಿದೆ.

"ಮಿಲಿಟರ್ಯಾಗ ದುಡದದ್ದೂ ಇದರಾಗ ಸೇರೇತಿ ಯವ್ವಾ. ಅದಕ್ಕೂ ಪಿಂಚಣಿ ಐತಿ."

ಅವಳು ಬಲಗೈಯಿಂದ ಕಾಗದವನ್ನು ಮುಟ್ಟಿ ನೋಡಿದಳು. ಆಮೇಲೆ, "ನನ್ನ ಸಲುವಾಗಿ ಬಿಟ್ಟು ಬಂದ್ಯಲ್ಲ, ಅದು?" ಅಂತ ಕೇಳಿದಳು.

"ಹೂಂ, ಅದ."

"ಹಂಗಾರ ನಾ ಏನೂ ಕೆಡಿಸಿಲ್ಲೇನಪಾ?"

ಇಷ್ಟು ವರ್ಷ ಅಣ್ಣನ ಬಾಯಿ ಮುಚ್ಚಿಸಬೇಕೆಂದು ಒದ್ದಾಡಿದ್ದೆ. ಉತ್ತರಕ್ಕೆ ಕಾಯುತ್ತಿದ್ದವಳು ಇವಳು. "ಇಲ್ಲ ಯವ್ವಾ, ಏನೂ ಕೆಡಿಸಿಲ್ಲ" ಅಂದೆ. ಅವಳು ಇನ್ನೊಮ್ಮೆ ಕೇಳಿದಳು, ಇನ್ನೊಮ್ಮೆ ಹೇಳಿದೆ. ಅವತ್ತು ಅಣ್ಣನ ಊರಿಗೆ ಹೋಗಲಿಲ್ಲ.