ಅಕ್ಕನ ಮುಖದ ಮೇಲಿನ ಗುಳ್ಳೆಗಳು

ಅಕ್ಕನಿಗೆ ಕೆಮ್ಮು ಶುರುವಾದದ್ದು ಚಳಿಗಾಲದಲ್ಲಿ. ಶಹಾಬಾದಿನಲ್ಲಿ ಕೆಮ್ಮಿಗೆ ಯಾರೂ ಬೆಲೆ ಕೊಡುವುದಿಲ್ಲ. ನೆಲಕ್ಕೆ ಹಾಸುವ ಫರ್ಸಿ ಕಲ್ಲು ಕೊಯ್ಯುವ ಊರು, ಆಚೆಗೆ ವಾಡಿಯ ಸಿಮೆಂಟು. ಕೆಮ್ಮದೇ ಇರುವವನನ್ನು ಕಂಡರೆ ಇವನು ಈ ಕಡೆಯವನಲ್ಲ ಅನ್ನುತ್ತಾರೆ. ನಮ್ಮ ಭಾವನಿಗೆ ಅಲ್ಲಿಯೇ ಕಲ್ಲಿನ ಪಾಲಿಶ್ ಯಂತ್ರವಿದೆ. ಮದುವೆಯಾದಾಗಿನಿಂದ ನೋಡುತ್ತಿದ್ದೇನೆ, ಅವರ ಬೆರಳ ಸಂದಿಯಲ್ಲಿ ಬೀಡಿ ಇಲ್ಲದ ಹೊತ್ತಿಲ್ಲ. ಅವರಿಗೆ ಏನೂ ಆಗಿಲ್ಲ. ಇವತ್ತಿಗೂ ಕಲ್ಲುಗುಂಡಿನ ಹಾಗಿದ್ದಾರೆ. ದೇವರಿಗೆ ಲೆಕ್ಕ ಬರುವುದಿಲ್ಲ ಅಂತ ನನಗೆ ಖಾತ್ರಿಯಾದದ್ದು ಅಕ್ಕನ ರೋಗ ತಿಳಿದಾಗಲೇ.

ನಾನು ಚಿತ್ತಾಪುರದ ಕೋರ್ಟಿನಲ್ಲಿ ವಕೀಲಿ ಮಾಡುವವಳು. ಭಾನುವಾರ ಅಕ್ಕನ ಮನೆಗೆ ಹೋದರೆ ಅವಳು ಜೋಳದ ರೊಟ್ಟಿ ಬಡಿಯುತ್ತ ನಡುನಡುವೆ ಕೈ ನಿಲ್ಲಿಸಿ ಕೆಮ್ಮುತ್ತಿದ್ದಳು. ಒಣಕೆಮ್ಮು, ಕಫವಿಲ್ಲ. ಬೆನ್ನಿನ ಬಲಗಡೆ ಹೆಗಲೆಲುಬಿನ ಕೆಳಗೆ ನೋವು ಅನ್ನುತ್ತಿದ್ದಳು. ಮಾಳಿಗೆ ಹತ್ತಿದರೆ ಏದುಸಿರು. ಸಂಕ್ರಾಂತಿಯ ಹೊತ್ತಿಗೆ ಅವಳ ಕುಪ್ಪಸ ಸಡಿಲಾಗಿತ್ತು, ದನಿ ಗೊಗ್ಗರಾಗಿತ್ತು. ಊರಿನ ಡಾಕ್ಟರು ಎಕ್ಸ್‌ರೇಯಲ್ಲಿ ಒಂದು ಮಸುಕು ಕಂಡು ಟಿ.ಬಿ. ಎಂದರು. ಹೇಗೋ ಒಂದಿಷ್ಟು ಕಫ ತೆಗೆಸಿ ಮಾಡಿದ ಪರೀಕ್ಷೆಯಲ್ಲಿ ಟಿ.ಬಿ. ಸಿಗಲಿಲ್ಲ. ಆದರೂ ಟಿ.ಬಿ. ಗುಳಿಗೆ ಶುರುವಾಯಿತು. ಸಾಕ್ಷಿಯೇ ಇಲ್ಲದೆ ಶಿಕ್ಷೆ ಕೊಟ್ಟಂತೆ ಆಯಿತಲ್ಲ ಎಂದು ನಾನು ಕೂಗಾಡಿದೆ. ‘ನಿನ್ನ ಕೋರ್ಟ ನಿನ್ನ ಬಳಿ ಇಟ್ಕೋ’ ಎಂದರು ಭಾವ. ಒಂದು ದಿನ ಕೆಮ್ಮಿದಾಗ ಸೆರಗಿನ ತುದಿಗೆ ಕೆಂಪು ಎಳೆ ಹತ್ತಿತು. ಅಕ್ಕ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಚ್ಚಿಟ್ಟಳು. ನಾನು ಎಳೆದು ನೋಡಿದೆ. ಮರುದಿನವೇ ಕಲಬುರಗಿಗೆ ಕರೆದುಕೊಂಡು ಹೋದೆ.

ಕಲಬುರಗಿಯ ಡಾಕ್ಟರು ಸಿ.ಟಿ. ಮಾಡಿಸಿದರು. ಬಲ ಶ್ವಾಸಕೋಶದಲ್ಲಿ ಗಂಟಿತ್ತು, ಶ್ವಾಸಕೋಶದ ಸುತ್ತಲ ಪೊರೆಯಲ್ಲಿ ನೀರು ತುಂಬಿತ್ತು. ಸೂಜಿ ಹಾಕಿ ಗಂಟಿನ ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕು, ಅದೇ ಬಯಾಪ್ಸಿ, ಅಂದರು. ಅಷ್ಟಕ್ಕೇ ಅಕ್ಕನ ಅತ್ತೆ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಅಳಲು ಶುರು ಮಾಡಿದರು.

‘ಗಂಟಿಗಿ ಸೂಜಿ ತಾಕಿದ್ರ ಅದು ಮೈಯೆಲ್ಲಾ ಹರೀತದ್ರಿ. ನಮ್ಮ ಓಣ್ಯಾಗ ಒಬ್ಬಾಕಿ ಹಂಗೇ ಸತ್ತಾಳ.’

‘ಆಕಿ ಸೂಜಿಯಿಂದ ಸತ್ತಿಲ್ಲಮ್ಮ, ತಡ ಮಾಡಿ ಬಂದು ಸತ್ತಾಳ’ ಎಂದರು ಡಾಕ್ಟರು. ಅವರಿಗೂ ನನ್ನಷ್ಟೇ ಸಿಟ್ಟು ಬರುತ್ತಿತ್ತು, ಅದಕ್ಕೇ ನನಗೆ ಹಿಡಿಸಿದರು. ‘ಸೂಜಿಯಿಂದ ಹಬ್ಬೋದು ಭಾಳ ಅಪರೂಪ. ಶ್ವಾಸಕೋಶದಾಗ ಸ್ವಲ್ಪ ಗಾಳಿ ಸೋರಬಹುದು, ರಕ್ತ ಬರಬಹುದು, ಅದನ್ನ ನಾವು ನೋಡ್ಕೋತೀವಿ. ಚೂರು ತೆಗೀಲಿಲ್ಲಂದ್ರ ಇದು ಯಾವ ಗಂಟು ಅನ್ನೋದೇ ಗೊತ್ತಾಗಂಗಿಲ್ಲ.’

ಅಕ್ಕನನ್ನು ಸಿ.ಟಿ. ಯಂತ್ರದ ಮೇಲೆ ಬೋರಲು ಮಲಗಿಸಿ, ಬೆನ್ನಿಗೆ ಮರಗಟ್ಟುವ ಚುಚ್ಚುಮದ್ದು ಕೊಟ್ಟು, ಚಿತ್ರದಲ್ಲಿ ದಾರಿ ನೋಡಿಕೊಂಡು ಸೂಜಿ ಇಳಿಸಿದರು. ಒಂದಲ್ಲ, ಹಲವು ಚೂರು ತೆಗೆದರು. ಮುಂದಿನ ಪರೀಕ್ಷೆಗಳಿಗೆ ಸಾಲದೆ ಹೋದರೆ ಇನ್ನೊಮ್ಮೆ ಚುಚ್ಚಬೇಕಾಗುತ್ತದೆ ಎಂದು ಹೇಳಿದರು. ಕ್ಯಾನ್ಸರ್ ಎಂದು ರಿಪೋರ್ಟು ಬಂತು. ಅಡಿನೊಕಾರ್ಸಿನೋಮ, ಬೀಡಿ ಸೇದದವರಲ್ಲಿ ಹೆಚ್ಚಾಗಿ ಕಾಣುವ ಬಗೆ. ಪೊರೆಯ ನೀರಿನಲ್ಲೂ ಅದೇ ಕಣಗಳು ಸಿಕ್ಕಿದ್ದವು. ಅಂದರೆ ನಾಲ್ಕನೆಯ ಹಂತ.

ಅತ್ತೆ ಕೇಳಿದ ಮೊದಲ ಮಾತು ನನಗೆ ಸಾಯುವ ತನಕ ನೆನಪಿರುತ್ತದೆ. ‘ಏನೂ ಸೇದಲಾರದಾಕಿಗಿ ಹ್ಯಾಂಗ ಬಂತು? ಕದ್ದು ಮುಚ್ಚಿ ಏನರೆ ಮಾಡ್ತಿದ್ಲೇನು?’ ಪಕ್ಕದಲ್ಲಿ ಅವರ ಮಗ, ನಮ್ಮ ಭಾವ, ಬೀಡಿ ಸೇದಿಬಂದ ಬಾಯಲ್ಲಿ ತಲೆ ಅಲ್ಲಾಡಿಸುತ್ತ ಕೂತಿದ್ದರು. ಡಾಕ್ಟರು ಅತ್ತೆಯನ್ನು ಬಿಟ್ಟು ಭಾವನನ್ನೇ ನೋಡಿದರು. ‘ಸೇದದವರಿಗೂ ಬರ್ತದ. ಮನ್ಯಾಗ ಇನ್ನೊಬ್ಬರು ಸೇದಿದ ಹೊಗೆ, ಒಲಿ ಹೊಗೆ, ಧೂಳು, ಏನರೆ ಇರಬಹುದು. ಏನೂ ಕಾರಣ ಇಲ್ಲದೆಯೂ ಬರಬಹುದು. ಇವರಿಗಿ ಯಾವುದರಿಂದ ಬಂತು ಅಂತ ನಾ ಹೇಳಂಗಿಲ್ಲ.’ ಭಾವ ಎದ್ದರು. ಹೊರಗೆ ಹೋಗಿ ಇನ್ನೊಂದು ಬೀಡಿ ಹಚ್ಚಿದರು.

ಆಮೇಲೆ ಡಾಕ್ಟರು ಅದೇ ಚೂರನ್ನು ಹೈದರಾಬಾದಿಗೆ ಜೀನ್ ಪರೀಕ್ಷೆಗೆ ಕಳಿಸಿದರು. ಅದು ಬರುವವರೆಗೆ ಕೀಮೋ ಅವಸರ ಬೇಡ, ತಡೆಯುವಷ್ಟು ತ್ರಾಣ ಇವರಿಗೆ ಇದೆ ಎಂದರು. ಅಷ್ಟರಲ್ಲಿ ಉಸಿರಾಡಲು ಹಗುರಾಗಲೆಂದು ನೀರು ತೆಗೆದರು. ಜೀನ್ ಅಂದ ಕೂಡಲೇ ಭಾವನ ಮುಖ ಬಿಳಿಚಿತು. ಅಕ್ಕನ ಮಗಳ ನಿಶ್ಚಯ ಆಗಿತ್ತು. ಸೇಡಂ ಕಡೆಯ ಗೌರವಸ್ಥ ಮನೆತನ, ಬೇಸಿಗೆ ಮುಗಿಯುವುದರೊಳಗೆ ಲಗ್ನ.

‘ವಂಶದ್ದು ಅಂತ ಬಂದ್ರ ನನ್ನ ಮಗಳ ಗತಿ ಏನ್ರಿ ಸಾಹೇಬ್ರ?’

‘ಇದು ವಂಶದ ಪರೀಕ್ಷಾ ಅಲ್ಲ. ಗಂಟಿನ ಕಣದೊಳಗ ಆಗಿರೋ ಬದಲಾವಣೆ ನೋಡೋದು. ಅವ್ವನಿಂದ ಬಂದದ್ದಲ್ಲ, ಮಗಳಿಗಿ ಹೋಗೋದಲ್ಲ, ಬಹುತೇಕ ಎಲ್ಲರಾಗೂ ಹಂಗೇ. ಯಾವ ಬದಲಾವಣೆ ಅಂತ ಗೊತ್ತಾದ್ರ ಅದಕ್ಕೇ ಹೊಂದೋ ಗುಳಿಗಿ ಕೊಡಬಹುದು.’

ಭಾವನಿಗೆ ಅರ್ಥವಾಯಿತು. ಅರ್ಥವಾದದ್ದನ್ನು ಊರಿಗೆ ಹೇಗೆ ತಿಳಿಸುವುದು ಎಂದು ಮಾತ್ರ ಗೊತ್ತಾಗಲಿಲ್ಲ. ಅಂದೇ ಮನೆಯಲ್ಲಿ ಆಣೆ ಹಾಕಿಸಿಕೊಂಡರು: ಅಕ್ಕನಿಗೆ ಇರುವುದು ದಮ್ಮು, ಬೀಗರ ಮುಂದೆ ಬೇರೆ ಮಾತಿಲ್ಲ.

ರಿಪೋರ್ಟಿನಲ್ಲಿ ಇ.ಜಿ.ಎಫ್.ಆರ್. ಎಂಬ ಜೀನಿನಲ್ಲಿ ಬದಲಾವಣೆ ಇತ್ತು. ಡಾಕ್ಟರು ಅದನ್ನು ಓದುವಾಗ ಮೊದಲ ಸಲ ನಕ್ಕದ್ದು ಕಂಡೆ. ಇದಕ್ಕೆ ಗುಳಿಗೆ ಇದೆ, ದಿನಕ್ಕೊಂದು. ರೋಗ ಪೂರ್ತಿ ಹೋಗುವುದಿಲ್ಲ, ಆದರೆ ಹಿಡಿದು ಕೂರಿಸಬಹುದು, ಕೆಲವರಿಗೆ ವರ್ಷಗಟ್ಟಲೆ. ಹೊಟ್ಟೆ ಕೆಡಬಹುದು, ಉಗುರಿನ ಬದಿ ಬಾತುಕೊಳ್ಳಬಹುದು, ಮುಖದ ಮೇಲೆ ಗುಳ್ಳೆ ಏಳಬಹುದು. ಎದ್ದರೆ ಬನ್ನಿ, ಮುಲಾಮು ಇದೆ, ಗುಳಿಗೆಯ ಪ್ರಮಾಣ ತಗ್ಗಿಸಬಹುದು, ನಮ್ಮನ್ನು ಕೇಳದೆ ಮಾತ್ರ ನಿಲ್ಲಿಸಬೇಡಿ. ಇದನ್ನು ಅವರು ಅಕ್ಕನಿಗೆ, ಭಾವನಿಗೆ, ನನಗೆ ಬೇರೆ ಬೇರೆಯಾಗಿ ಹೇಳಿದರು.

ಗುಳಿಗೆ ಪವಾಡ ಮಾಡಿತು. ನಾನು ಪವಾಡ ನಂಬುವವಳಲ್ಲ, ಆದರೂ ಬೇರೆ ಶಬ್ದ ತೋಚುತ್ತಿಲ್ಲ. ಕೆಲವೇ ವಾರಗಳಲ್ಲಿ ಕೆಮ್ಮು ಅಡಗಿತು. ಅಕ್ಕ ಮಾಳಿಗೆ ಹತ್ತಿ ಶ್ಯಾವಿಗೆ ಒಣಗಿಸಿದಳು. ಮಗಳಿಗೆ ಇಳಕಲ್ ಸೀರೆ ಆರಿಸುತ್ತ ಅಂಗಡಿಯವನೊಂದಿಗೆ ಜಗಳ ಮಾಡಿದಳು. ನನಗೆ ಅಳು ಬಂತು, ಸಂತೋಷಕ್ಕೆ. ಗುಳ್ಳೆಗಳೂ ಬಂದವು. ಮೂಗಿನ ಎರಡೂ ಬದಿ, ಗಲ್ಲ, ಹಣೆ, ಎಲ್ಲ ಕಡೆ ಕೆಂಪಗೆ, ಕೆಲವು ಕೀವು ಕಟ್ಟಿ. ಡಾಕ್ಟರರ ಪ್ರಕಾರ ಅದು ಅಷ್ಟು ಚಿಂತೆಯ ವಿಷಯವೇ ಅಲ್ಲ. ಡಾಕ್ಟರರಿಗೆ ಸುರಗಿ ಗೊತ್ತಿರಲಿಲ್ಲ.

ನಮ್ಮಲ್ಲಿ ಲಗ್ನಕ್ಕೆ ಮುಂಚೆ ಸುರಗಿ ಸುತ್ತುತ್ತಾರೆ. ನಾಲ್ಕು ಮೂಲೆಗೆ ತಂಬಿಗೆ ಇಟ್ಟು, ದಾರ ಸುತ್ತಿ, ನಡುವೆ ಮಗಳನ್ನೂ ತಾಯಿಯನ್ನೂ ಕೂರಿಸಿ ಅರಿಶಿಣ ಹಚ್ಚಿ ನೀರು ಹಾಕುವುದು. ಹಚ್ಚುವವರು ಮುತ್ತೈದೆಯರು, ಬೀಗರ ಕಡೆಯವರೂ ಕೈ ಹಾಕುತ್ತಾರೆ. ಮುಖಕ್ಕೆ ಮುಖ ಕೊಟ್ಟು, ಗಲ್ಲ ಸವರಿ ಹಚ್ಚುತ್ತಾರೆ. ಅಲ್ಲಿ ಯಾವ ಪೌಡರೂ ನಿಲ್ಲುವುದಿಲ್ಲ.

ದಮ್ಮಿನವಳ ಮುಖಕ್ಕೆ ಇಂಥ ಗುಳ್ಳೆ ಯಾಕೆ ಎಂದು ಯಾರಾದರೂ ಕೇಳಿದರೆ? ಇದೇ ಆ ಮನೆಯ ಊಟ, ನಿದ್ದೆ, ಜಪ ಆಯಿತು. ಭಾವ ಗೊಣಗಿದರು, ಅತ್ತೆ ಬೇವಿನ ಸೊಪ್ಪು ಅರೆದು ಹಚ್ಚಿದರು, ಚರ್ಮ ಇನ್ನಷ್ಟು ಸುಟ್ಟಿತು. ಕೊನೆಗೆ ಮಾತು ಆಡಿದವಳು ಮಗಳು. ನಾನೇ ಕಿವಿಯಾರೆ ಕೇಳಿದೆ. ಕನ್ನಡಿ ಮುಂದೆ ನಿಂತು, ತಿರುಗಿ ಸಹ ನೋಡದೆ ಅಂದಳು: ‘ಅವ್ವ, ನನ್ನ ಸುರಗ್ಯಾಗ ಈ ಮಾರಿ ಹೊತ್ಕೊಂಡು ಕುಂದ್ರಬ್ಯಾಡ. ಚಿಕ್ಕವ್ವನ್ನ ಕೂಡಿಸ್ರಿ.’

ಆ ಚಿಕ್ಕವ್ವ ನಾನೇ. ನನ್ನ ಕೈ ಎದ್ದಿತು. ಅಕ್ಕ ಹಿಡಿದಳು. ‘ಬಿಡ, ಕೂಸು ಅದ ಅದು’ ಅಂದಳು. ಕೂಸಿಗೆ ಎಂ.ಎ. ಆಗಿತ್ತು. ಕಲಬುರಗಿಗೆ ಹೋಗಿ ಮುಲಾಮು ತರೋಣ ಎಂದು ಅಕ್ಕನಿಗೆ ಹೇಳಿದೆ, ಲಗ್ನದ ಗದ್ದಲದಲ್ಲಿ ಎಲ್ಲಿಗೂ ಬರುವುದಿಲ್ಲ ಎಂದಳು.

ಸುರಗಿಯ ದಿನ ಅಕ್ಕನೇ ಕೂತಳು. ಮುಖ ನುಣ್ಣಗಿತ್ತು. ಬೀಗರ ಹೆಂಗಸರು ಗಲ್ಲ ಸವರಿ ಅರಿಶಿಣ ಹಚ್ಚಿದರು, ‘ತಾಯಿ ಮಗಳು ಅಕ್ಕ ತಂಗಿ ಇದ್ದಂಗ ಇದ್ದಾರ’ ಎಂದು ನಕ್ಕರು. ಅಕ್ಕನ ಕಣ್ಣಲ್ಲಿ ಅಂಥ ಬೆಳಕು ನಾನು ಅವಳ ಮದುವೆಯಲ್ಲೂ ಕಂಡಿರಲಿಲ್ಲ. ಯಾರೋ ಮುಲಾಮು ತಂದುಕೊಟ್ಟಿರಬೇಕು ಎಂದುಕೊಂಡೆ. ಆದರೆ ಅವಳು ನಡುನಡುವೆ ಕಣ್ಣು ಮುಚ್ಚಿ ಹಣೆ ಒತ್ತಿಕೊಳ್ಳುತ್ತಿದ್ದಳು. ತಲೆಶೂಲೆ, ಗದ್ದಲಕ್ಕೆ, ಎಂದಳು. ಕೆಮ್ಮು ಬಂದಾಗ ಬಾಯಿಗೆ ಸೆರಗು ತುರುಕಿಕೊಂಡಳು.

ಲಗ್ನ ಮುಗಿದ ವಾರದಲ್ಲಿ ಅವಳು ಅಡುಗೆಮನೆಯಲ್ಲಿ ಬಿದ್ದು ಫಿಟ್ಸ್ ಬಂದು ಕೈಕಾಲು ಸೆಟೆದಳು. ಎಂ.ಆರ್.ಐ.ಯಲ್ಲಿ ಮೆದುಳಲ್ಲಿ ಗಂಟುಗಳು ಕಂಡವು. ‘ಗುಳಿಗಿ ಸರಿಯಾಗಿ ತಗೋಳಾಕತ್ತಿದ್ರೇನು?’ ಎಂದು ಡಾಕ್ಟರು ಕೇಳಿದಾಗ ಅಕ್ಕ ಗೋಡೆ ಕಡೆ ಹೊರಳಿದಳು. ಮಗಳು ಹಾಗೆ ಅಂದ ಮರುದಿನದಿಂದಲೇ ಬಿಟ್ಟಿದ್ದಳು. ಭಾವನಿಗೆ ಗೊತ್ತಿತ್ತು. ಅತ್ತೆಗೆ ಗೊತ್ತಿತ್ತು. ಆಣೆ ಹಾಕಿದ ಮನೆಯಲ್ಲಿ ಗೊತ್ತಿಲ್ಲದವಳು ನಾನೊಬ್ಬಳೇ.

ಡಾಕ್ಟರು ಸಿಟ್ಟಾಗಲಿಲ್ಲ, ಅದೇ ನನಗೆ ಭಯ ಹುಟ್ಟಿಸಿತು. ‘ಬಿಟ್ಟಿದ್ದಕ್ಕೇ ಬಂತು ಅಂತ ನಾ ಪ್ರಮಾಣ ಮಾಡಂಗಿಲ್ಲ, ತಗೊಂಡವರಿಗೂ ಒಮ್ಮೊಮ್ಮೆ ಹಿಂಗ ಆಗ್ತದ. ಆದ್ರ ಬಿಟ್ಟಾಗ ರೋಗಕ್ಕ ಬಾಗಿಲು ತೆಗೆದಂಗೇ. ಮತ್ತ ಶುರು ಮಾಡೋಣ, ತಲಿಗಿ ರೇಡಿಯೇಶನ್ ಕೊಡೋಣ. ಮೊದಲಿನಂಗ ಆಗ್ತದ ಅಂತ ಮಾತ್ರ ಮಾತು ಕೊಡಂಗಿಲ್ಲ.’

ಸುದ್ದಿ ಇನ್ನು ಮುಚ್ಚಿಡುವಂತಿರಲಿಲ್ಲ. ಬೀಗಿತಿ, ಅಂದರೆ ಅಳಿಯನ ತಾಯಿ, ಸೇಡಂನಿಂದ ಬುತ್ತಿ ಕಟ್ಟಿಕೊಂಡು ಆಸ್ಪತ್ರೆಗೆ ಬಂದರು. ಭಾವ ಕೈ ಮುಗಿದು ನಿಂತರು. ‘ತಪ್ಪು ತಿಳೀಬ್ಯಾಡ್ರಿ, ಮುಚ್ಚಿಡಬೇಕು ಅಂತಲ್ಲ...’

ಅವರು ಅಕ್ಕನ ಮಂಚದ ತುದಿಗೆ ಕೂತರು. ‘ಯಾಕ್ರಿ ಅಣ್ಣಾರ, ನಮಗ ಮೊದಲೇ ಗೊತ್ತಿತ್ತಲ್ಲ. ನಮ್ಮ ನೆಗೆಣ್ಣಿ, ಮೈದುನನ ಹೆಂಡ್ತಿ, ತನ್ನ ತಾಯಿನ್ನ ಇದೇ ದವಾಖಾನಿಗಿ ತೋರಸಾಕ ಬಂದಿದ್ಲು, ಇವರನ್ನ ನೋಡಿದ್ಲು. ಅದಕ್ಕೇನಾತು, ಹುಡುಗಿ ಚಲೋ ಇದ್ದಾಳ, ಲಗ್ನ ಆಗಲಿ ಅಂದ್ವಿ. ನೀವು ಹೇಳಲಿಲ್ಲ, ನಾವು ಕೇಳಲಿಲ್ಲ. ಕೇಳಿದ್ರ ನಿಮ್ಮ ಮನಸ್ಸಿಗಿ ನೋವಾಗ್ತದ ಅಂತ ಸುಮ್ನಿದ್ವಿ.’

ಒಳ್ಳೆಯತನಕ್ಕೆ ಇಷ್ಟು ಹರಿತ ಇರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಭಾವ ಕೈ ಮುಗಿದೇ ನಿಂತಿದ್ದರು. ಬಾಗಿಲ ಬಳಿ ಹೊಸ ಸೀರೆಯಲ್ಲಿ ನಿಂತ ಮಗಳು ಗೋಡೆಗೆ ಆತುಕೊಂಡಳು. ರೇಡಿಯೇಶನ್ ಕೊಡುವಾಗ ತಲೆ ಅಲುಗದಂತೆ ಹಾಕಿದ್ದ ಜಾಲರಿ ಮುಖವಾಡದ ಗೆರೆಗಳು ಅಕ್ಕನ ಕೆನ್ನೆಯ ಮೇಲೆ ಇನ್ನೂ ಒತ್ತಿಕೊಂಡಿದ್ದವು. ಅವಳು ಬೀಗಿತಿಯ ಮುಖ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, ತೊದಲುವ ನಾಲಿಗೆಯಲ್ಲಿ, ಸಣ್ಣವಳಿದ್ದಾಗ ಲೆಕ್ಕ ತಿಳಿಯದೆ ನಾನು ಅವಳನ್ನು ಕೇಳುತ್ತಿದ್ದಂತೆ ಕೇಳಿದಳು:

‘ಮತ್ತ ನಾ ಗುಳಿಗಿ ಯಾಕ ಬಿಟ್ಟೆ?’