ಒತ್ತಿಲ್ಲದ ಬಸ್ತಿಹಳ್ಳಿ

ಶಿಲ್ಪಾಳಿಗೆ ಬೆವರೇ ಬರುವುದಿಲ್ಲ. ಅರಸೀಕೆರೆಯ ಬೇಸಿಗೆಯ ಮಧ್ಯಾಹ್ನ ಕರೆಂಟು ಹೋಗಿ ನಮ್ಮ ಡಿಸೈನ್ ಅಂಗಡಿಯ ಫ್ಯಾನು ನಿಂತರೂ ಅವಳ ಹಣೆ ಒಣಗಿಯೇ ಇರುತ್ತದೆ. ನಾನು ಬಾಣಾವರದಿಂದ ಬಸ್ಸಿನಲ್ಲಿ ನಿಂತುಕೊಂಡು ಬಂದು, ಚೂಡಿದಾರದ ಹೆಗಲ ಮೇಲೆ ಮಗಳು ಸಿರಿ ಕಕ್ಕಿದ ಹಾಲಿನ ಕಲೆಯನ್ನು ವೇಲಿನಿಂದ ಮುಚ್ಚಿಕೊಳ್ಳುತ್ತ ಒಳಗೆ ಕಾಲಿಟ್ಟರೆ, ಅವಳು ಆಗಲೇ ನನ್ನ ಕುರ್ಚಿಯಲ್ಲಿ ಕೂತಿರುತ್ತಾಳೆ. "ಬನ್ನಿ ಅಕ್ಕ," ಎನ್ನುತ್ತಾಳೆ. ಆ 'ಅಕ್ಕ' ಕೇಳಿದರೆ ನನಗೆ ಮೈ ಉರಿಯುತ್ತದೆ.

ನನ್ನ ಕುರ್ಚಿ ಎಂದೆ. ಬಾಣಂತನಕ್ಕೆ ರಜೆ ಹಾಕುವವರೆಗೂ ಅದು ನನ್ನದೇ ಆಗಿತ್ತು. ಹೋಂಸ್ಟೇಗಳ ವೆಬ್ ಪುಟಗಳನ್ನೆಲ್ಲ ನಾನೇ ಮಾಡುತ್ತಿದ್ದೆ. ನಾನಿಲ್ಲದಾಗ ಮಾಲೀಕರಾದ ಇಂದ್ರೇಶಣ್ಣ ಶಿಲ್ಪಾಳನ್ನು ಕರೆತಂದರು. ವಾಪಸು ಬಂದ ನನಗೆ ಸಿಕ್ಕಿದ್ದು ಮದುವೆ ಕಾರ್ಡು. ಕಾರ್ಡು ಮಾಡಿಸುವವರು ಎದುರಿಗೇ ಕೂತು, ಮಾವನ ಹೆಸರು ಮೇಲೆ, ಚಿಕ್ಕಪ್ಪನ ಹೆಸರು ಕೆಳಗೆ ಎಂದು ಜಗಳವಾಡುತ್ತಾರೆ. ಅದನ್ನು ಅಂಗಡಿಯಲ್ಲಿದ್ದೇ ಮಾಡಬೇಕು. ವೆಬ್ ಕೆಲಸವಾದರೆ ವಾರಕ್ಕೆರಡು ದಿನ ಮನೆಯಿಂದಲೇ ಮಾಡಬಹುದು. ಸಿರಿ ಇನ್ನೂ ಎದೆಹಾಲು ಬಿಟ್ಟಿಲ್ಲ. ನನಗೆ ಬೇಕಾದದ್ದು ಆ ಎರಡು ದಿನ.

ಶಿಲ್ಪಾ ಕೊಬ್ಬರಿ ಮಂಡಿಯ ಮರುಳಪ್ಪನವರ ಮಗಳು. ಚಿಕ್ಕಂದಿನಿಂದ ಮೂಟೆಗಳ ನಡುವೆ ಬೆಳೆದವಳು. ಅಪ್ಪ ಕೊಬ್ಬರಿ ಕೊಳ್ಳುವಾಗ ಚೀಲದ ಮೇಲಿನದನ್ನು ನೋಡುವುದೇ ಇಲ್ಲವಂತೆ. ಕೈಯನ್ನು ಮೊಣಕೈವರೆಗೆ ಇಳಿಸಿ ತಳದಿಂದ ಎತ್ತುತ್ತಾರಂತೆ. ಮಗಳಿಗೂ ಅದೇ ಬುದ್ಧಿ. ಮಾತು ಕಡಿಮೆ. ಊಟಕ್ಕೆ ಕೂತರೆ ಚಟ್ನಿಪುಡಿ ಡಬ್ಬಿಯನ್ನು ಮೊದಲು ನನ್ನ ಕಡೆಗೇ ತಳ್ಳುತ್ತಾಳೆ. ಅವಳ ತಾಯಿ ಕಾಂತಮ್ಮನವರ ಕೈಯ ಚಟ್ನಿಪುಡಿಯೂ ಹಾಳಾದ್ದು ಬಲು ಚೆನ್ನ. ಒಬ್ಬರನ್ನು ದ್ವೇಷಿಸಬೇಕೆಂದರೆ ಒಂದಾದರೂ ಕೊಂಕು ಬೇಡವೇ?

ಬಸ್ತಿಹಳ್ಳಿಯ ನಂಜುಂಡಯ್ಯನವರು ಬಸದಿಗಳ ಹತ್ತಿರ ತಮ್ಮ ಹಳೇ ಮನೆಯನ್ನು ಹೋಂಸ್ಟೇ ಮಾಡಿದ್ದಾರೆ. ಹೆಸರು 'ಬಸ್ತಿಹಳ್ಳಿ ಅಂಗಳ'. ಅವರ ಮೊದಲ ಪುಟ ನನ್ನದು. ಮನೆಯ ಫೋಟೋದ ಮೇಲೆ ಬಿಳಿ ಅಕ್ಷರ ಹಾಕಿ, ಹಿಂದಿನ ಬಣ್ಣವನ್ನು ಒಂದು ಕಡೆ ಕ್ಲಿಕ್ ಮಾಡಿ ನೋಡಿ, ಸರಿಯಿದೆ ಎಂದು ಬಿಟ್ಟಿದ್ದೆ. ಕ್ಲಿಕ್ ಮಾಡಿದ ಜಾಗ ಕಪ್ಪು ಕಲ್ಲು. ಅರ್ಧ ಹೆಸರು ಆಕಾಶದ ಮೇಲಿತ್ತು. ಫೋನು ಹಿಡಿದು ಬಿಸಿಲಲ್ಲಿ ನಿಂತ ಗಿರಾಕಿಗಳಿಗೆ ಹೆಸರೇ ಕಾಣಲಿಲ್ಲವೆಂದು ನಂಜುಂಡಯ್ಯನವರು ದೂರಿದರು. ನಾನು ರಜೆಯಲ್ಲಿದ್ದೆ. ಹೊಸ ಪುಟ ಮಾಡುವ ಕೆಲಸ ಶಿಲ್ಪಾಳ ಪಾಲಾಯಿತು.

ನಾನು ರಜೆ ಮುಗಿಸಿ ಬರುವ ಹೊತ್ತಿಗೆ ಅವಳು ಅದಕ್ಕೊಂದು ಚಿಕ್ಕ ಪ್ರೋಗ್ರಾಂ ಬರೆದಿದ್ದಳು. ಫೋಟೋ ಪರದೆಯ ಮೇಲೆ ಹೇಗೆ ಕತ್ತರಿಸಿ ಕಾಣುತ್ತದೋ ಹಾಗೆಯೇ ಹಾಕಿಕೊಂಡು, ಅಕ್ಷರಗಳ ಚೌಕದ ಹಿಂದಿರುವ ಒಂದೊಂದು ಚುಕ್ಕೆಯ ಬೆಳಕನ್ನೂ ಅದು ಅಳೆಯುತ್ತದೆ. ಅಕ್ಷರದ ಬೆಳಕಿಗೂ ಚುಕ್ಕೆಯ ಬೆಳಕಿಗೂ ಇರುವ ಅನುಪಾತ ಸಣ್ಣ ಅಕ್ಷರಕ್ಕೆ ನಾಲ್ಕೂವರೆ, ದೊಡ್ಡದಕ್ಕೆ ಮೂರಾದರೂ ಇರಬೇಕು. ಕಂಪ್ಯೂಟರಿನಲ್ಲಿ ಫೋಟೋ ಒಂದು ಕಡೆ ಕತ್ತರಿಸಿದರೆ ಫೋನಿನಲ್ಲಿ ಇನ್ನೊಂದು ಕಡೆ, ಹಾಗಾಗಿ ಕಂಪ್ಯೂಟರಿಗೆ ಒಂದು ಅಳತೆ, ಫೋನಿಗೆ ಇನ್ನೊಂದು.

"ಸರಾಸರಿ ತಗೊಂಡ್ರೆ ಆಗಲ್ವೇನಮ್ಮ?" ಎಂದು ಇಂದ್ರೇಶಣ್ಣ ನನ್ನೆದುರಿಗೇ ಕೇಳಿದರು.

"ಅರ್ಧ ಕಲ್ಲು ಅರ್ಧ ಆಕಾಶ ಆದ್ರೆ ಸರಾಸರಿ ಬೂದು ಬರುತ್ತೆ ಅಣ್ಣ. ಬೂದು ಮೇಲೆ ಬಿಳಿ ಪಾಸಾಗ್ಬಿಡುತ್ತೆ. ಆದ್ರೆ ಓದೋರಿಗೆ ಅಲ್ಲಿ ಬೂದು ಇಲ್ಲವೇ ಇಲ್ವಲ್ಲ. ಎಲ್ಲಕ್ಕಿಂತ ಕೆಟ್ಟ ಚುಕ್ಕೆನೇ ನೋಡ್ಬೇಕು."

"ನೋಡಿದ್ರಾ ಮೇಘಶ್ರೀ," ಎಂದು ಇಂದ್ರೇಶಣ್ಣ ನನ್ನ ಕಡೆ ತಿರುಗಿದರು, "ಮಂಡಿ ಬುದ್ಧಿ! ನಂಜುಂಡಯ್ಯನೋರು ಇದನ್ನ ಒಪ್ಪಿದ್ರೆ ಇನ್ಮೇಲೆ ಪುಟಗಳೆಲ್ಲ ಶಿಲ್ಪಾಗೇ ಇರ್ಲಿ. ನೀವು ಕಾರ್ಡು ನೋಡ್ಕೊಳ್ಳಿ."

ಆ ಸಂಜೆ ಅವಳ ಪುಟವನ್ನು ಫೋನಿನಲ್ಲಿ ತೆರೆದು ಇಂಚಿಂಚು ಕೆದಕಿದೆ. ಹೆಸರಿನ ಹಿಂದೆ ತೆಳುವಾದ ಕಪ್ಪು ಪಟ್ಟಿ, ಅದರ ಮೇಲೆ ಬಿಳಿ ಅಕ್ಷರ, ಕೆಳಗೆ ಬಿಸಿಲು ಬಿದ್ದ ಕಲ್ಲಿನ ಅಂಗಳ. ಚೆನ್ನಾಗಿತ್ತು. ಚೆನ್ನಾಗಿದ್ದದ್ದೇ ಸಂಕಟ. ಫೋನನ್ನು ಪಕ್ಕಕ್ಕಿಟ್ಟು ಸಿರಿಗೆ ಹಾಲೂಡಿಸುತ್ತಿದ್ದೆ. ಅತ್ತೆ ರಂಗಮ್ಮ ಅದನ್ನೆತ್ತಿಕೊಂಡು ದೂರ ಹಿಡಿದು ಓದಿದರು.

"ಬ... ಸಿ... ಹಳಿ. ಇದೇನವ್ವ, ಬಸಿಹಳಿ?"

"ಏನಂದ್ರಿ ಅತ್ತೆ?"

"ಬಸಿಹಳಿ ಅಂತ ಐತೆ ಕಣವ್ವ. ಅನ್ನ ಬಸಿಯೋದೋ, ರೈಲು ಹಳಿಯೋ? ಹಳಿ ಮ್ಯಾಲೆ ಅನ್ನ ಬಸಿತಾರೇನು ಈ ಊರಾಗೆ?"

ಕಿತ್ತುಕೊಂಡು ನೋಡಿದೆ. ಒತ್ತಕ್ಷರಗಳು! ಸ್ತಿಯ ಕೆಳಗಿನ ತ, ಳ್ಳಿಯ ಕೆಳಗಿನ ಳ, ಎರಡೂ ಕಪ್ಪು ಪಟ್ಟಿಯಿಂದ ಹೊರಗೆ ಇಳಿದು, ಬಿಸಿಲಿನ ಕಲ್ಲಿನ ಮೇಲೆ ಬಿಳಿ ಮೇಲೆ ಬಿಳಿಯಾಗಿ ಕರಗಿದ್ದವು. ಊರಿನ ಹೆಸರು ಗೊತ್ತಿದ್ದ ನಾವೆಲ್ಲ ಕಣ್ಣಿನಿಂದ ಓದದೆ ನೆನಪಿನಿಂದ ಓದಿಕೊಂಡಿದ್ದೆವು. ಶಿಲ್ಪಾಳಿಗೆ ಆಗಲೇ ಫೋನು ಮಾಡಬಹುದಿತ್ತು. ಮಾಡಲಿಲ್ಲ. ನಂಜುಂಡಯ್ಯನವರ ಎದುರಿಗೇ ಹೇಳುತ್ತೇನೆ ಎಂದುಕೊಂಡು ಸಿರಿಯ ತಲೆ ಸವರುತ್ತ ಕೂತೆ. ಅಷ್ಟು ಹಿತವಾಗಿ ಎಷ್ಟೋ ದಿನದಿಂದ ಕೂತಿರಲಿಲ್ಲ.

ಅವರು ಶನಿವಾರ ಬಂದರು. ದೊಡ್ಡ ಪರದೆಯ ಮೇಲೆ ಪುಟ ತೆರೆದಿತ್ತು. ಶಿಲ್ಪಾಳ ಪ್ರೋಗ್ರಾಂ ಎಲ್ಲ ಸರಿಯಿದೆ ಎಂದು ಹಸಿರು ತೋರಿಸುತ್ತಿತ್ತು.

"ಸರ್, ಹೆಸರು ಓದಿ," ಎಂದೆ.

"ಬಸ್ತಿಹಳ್ಳಿ ಅಂಗಳ," ಎಂದು ಅವರು ಗಟ್ಟಿಯಾಗಿ ಓದಿಬಿಟ್ಟರು. ಅವರೂರಲ್ಲವೇ!

"ಒತ್ತು ಎಲ್ಲಿದೆ ಸರ್? ನಮ್ಮತ್ತೆ ಬಸಿಹಳಿ ಅಂತ ಓದಿದ್ರು."

ಇಂದ್ರೇಶಣ್ಣ ಮೊದಲು ನಕ್ಕರು, ಆಮೇಲೆ ಬಗ್ಗಿ ಬೆರಳಿಟ್ಟು ಒತ್ತು ಹುಡುಕಿದರು. ನಂಜುಂಡಯ್ಯನವರು ಕನ್ನಡಕ ಒರೆಸಿಕೊಂಡರು. "ಅಯ್ಯೋ ಹೌದಲ್ರೀ! ಹಿಂದಿನ ಸಲ ನಮ್ಮನ್ನ ಆಕಾಶಕ್ಕೆ ಹಾರಿಸಿದ್ರಿ, ಈ ಸಲ ಹಳಿ ಮೇಲೆ ಮಲಗಿಸ್ತಿದ್ದೀರಲ್ಲ!"

ಅವಳ ಮುಖ ಕೆಂಪಾಗುತ್ತದೆ, ಏನಾದರೂ ಸಬೂಬು ಹೇಳುತ್ತಾಳೆ ಎಂದು ಕಾದೆ. ಅವಳು ಪರದೆಯ ಹತ್ತಿರ ಮುಖ ತಂದು ಮೆಲ್ಲಗೆ, "ಚೌಕ..." ಎಂದಳು. "ಸಾಲಿನ ಎತ್ತರಕ್ಕೆ ಚೌಕ ತಗೊಂಡಿದ್ದೆ ಅಕ್ಕ. ಪಟ್ಟಿನೂ ಅಷ್ಟಕ್ಕೇ. ಇಂಗ್ಲಿಷಿಗೆ ಅಷ್ಟು ಸಾಕಿತ್ತು. ನಮ್ಮ ಒತ್ತು ಅದರ ಕೆಳಗಿಳಿಯುತ್ತೆ. ಅಲ್ಲಿ ನಾನು ಅಳೆದೇ ಇಲ್ಲ."

ಅಲ್ಲೇ ಕೂತು ಸರಿಮಾಡತೊಡಗಿದಳು. ಚೌಕವನ್ನು ಬಿಟ್ಟಳು. ಅಕ್ಷರಗಳನ್ನೇ ಬೇರೆ ಖಾಲಿ ಹಾಳೆಯ ಮೇಲೆ ಬರೆಸಿ, ಮಸಿ ಬಿದ್ದ ಕಡೆ ಮತ್ತು ಅದರ ಸುತ್ತ ಒಂದೆರಡು ಚುಕ್ಕೆಯಷ್ಟು ಜಾಗವನ್ನು ಮಾತ್ರ ಫೋಟೋದಲ್ಲಿ ಅಳೆಯುವಂತೆ ಮಾಡಿದಳು. ಹಸಿರು ಹೋಗಿ ಕೆಂಪು ಬಂತು. ಳ ಒತ್ತಿನ ಹತ್ತಿರ ಅನುಪಾತ ಒಂದೂವರೆ. ಪಟ್ಟಿಯನ್ನು ಕೆಳಗೆ ಎಳೆದಳು. ಒತ್ತುಗಳು ಎದ್ದು ಬಂದವು. ನಂಜುಂಡಯ್ಯನವರು ಕಾಫಿ ಮುಗಿಸುವುದರೊಳಗೆ ಅವರ ಊರು ಅವರಿಗೆ ವಾಪಸಾಗಿತ್ತು. ಅವರು ಒಪ್ಪಿಬಿಟ್ಟರು.

ಮುಗಿಯಿತು ನನ್ನ ಕಥೆ ಎಂದುಕೊಂಡೆ. ತಪ್ಪು ಹುಡುಕಿಕೊಟ್ಟು ಅವಳನ್ನೇ ಗೆಲ್ಲಿಸಿದ ಹಾಗಾಯಿತಲ್ಲ!

ಆಗ ಶಿಲ್ಪಾ ಎಂದಳು: "ಇಂದ್ರೇಶಣ್ಣ, ಪುಟಗಳನ್ನ ಅಕ್ಕನೇ ಮಾಡ್ಲಿ. ಅಕ್ಷರ ಎಲ್ಲಿ ಕೂತ್ರೆ ಚೆಂದ ಅನ್ನೋದು ನನಗೆ ತಿಳಿಯಲ್ಲ. ನಾನು ಅಳೀತೀನಿ, ಕಾರ್ಡಿಗೂ ಕೂರ್ತೀನಿ. ಮಾವ, ಚಿಕ್ಕಪ್ಪಂದಿರ ಜಗಳ ನನಗೆ ಮಂಡಿಯಲ್ಲೇ ರೂಢಿ."

"ಮನೇಲಿ ಮಗು ಬೇರೆ ಐತೆ," ಎಂದು ನಂಜುಂಡಯ್ಯನವರೂ ಸೇರಿಸಿದರು. ಇಂದ್ರೇಶಣ್ಣ ತಲೆಯಾಡಿಸಿದರು.

ಬೇಕಾದ್ದು ಸಿಕ್ಕಿತು. ಕಿತ್ತುಕೊಂಡಿದ್ದರೆ ರುಚಿಯಿರುತ್ತಿತ್ತು, ಆದರೆ ಅವಳೇ ಎದ್ದು ಕುರ್ಚಿಯನ್ನು ನನ್ನ ಕಡೆ ತಳ್ಳಿದಳು. ಬೇಡವೆನ್ನಲು ಬಾಯಿ ತೆರೆದೆ. ಸಿರಿಯ ನೆನಪಾಗಿ ಕೂತೆ.

ಇವತ್ತು ಮನೆಯಿಂದ ಮಾಡಿದ ಮೊದಲ ದಿನ. ಬೇಲೂರಿನ ಲಾಡ್ಜೊಂದಕ್ಕೆ ಪುಟ ಮಾಡಿ, ಎಲ್ಲ ಒತ್ತುಗಳನ್ನೂ ನಾನೇ ನೋಡಿ, ಇದರಲ್ಲೇನು ತಪ್ಪು ಹುಡುಕುತ್ತೀಯೋ ಹುಡುಕು ಎಂದುಕೊಂಡು ಅವಳಿಗೆ ಕಳಿಸಿದೆ. ಸಿರಿ ನಿದ್ದೆಹೋಗುವಷ್ಟರಲ್ಲಿ ಉತ್ತರ ಬಂತು: "ತುಂಬಾ ಚೆನ್ನಾಗಿದೆ ಅಕ್ಕ. ಆದ್ರೆ ಫೋನ್ ಅಳತೆಯಲ್ಲಿ ಕೆಂಪು ಬರ್ತಿದೆ. ಕೊನೇ ಅಕ್ಷರ ನೋಡಿ."

ನೋಡಿದೆ. ಫೋನಿನಲ್ಲಿ ಫೋಟೋ ಬೇರೆ ಕಡೆ ಕತ್ತರಿಸಿಹೋಗಿ, ಕೊನೆಯ ಅಕ್ಷರ ಬಿಳಿ ಮೋಡದ ಮೇಲೆ ಕೂತಿತ್ತು. ಹಾಳಾದವಳು ಒಂದು ದಿನವಾದರೂ ತಪ್ಪಬಾರದೇ! ಮಗುವನ್ನು ಎಡ ತೊಡೆಗೆ ಸರಿಸಿಕೊಂಡು ಹೆಸರನ್ನು ಕಲ್ಲಿನ ನೆರಳಿಗೆ ಇಳಿಸಿದೆ.