ಹೆಬ್ಬೆರಳಿನ ಗೆರೆ

ಆ ಸ್ಕ್ರೀನ್ ಪ್ರಿಂಟಿಂಗ್ ಅಂಗಡಿಯಲ್ಲಿ ಅವಳನ್ನು ಎಲ್ಲರೂ ಗೆರೆಯಕ್ಕ ಎಂದೇ ಕರೆಯುತ್ತಿದ್ದರು. ಇಪ್ಪತ್ತಾರು ವರ್ಷದಿಂದ ಅಲ್ಲಿ ಗೆರೆ ಎಳೆಯುವುದೇ ಅವಳ ಕೆಲಸ. ಮೊದಲು ಪಾರದರ್ಶಕ ಹಾಳೆಯ ಮೇಲೆ ಕಪ್ಪು ಮಸಿಯಲ್ಲಿ, ಈಗ ಕಂಪ್ಯೂಟರಿಗೆ ಜೋಡಿಸಿದ ಹಲಗೆಯ ಮೇಲೆ ತುದಿ ಸವೆದ ಪೆನ್ನಿನಲ್ಲಿ. ಅಂಗಡಿ ಅವಳ ಮೈದುನನದು. ಗಂಡ ತೀರಿಕೊಂಡ ಮೇಲೂ ಅವಳು ಆ ಕುರ್ಚಿ ಬಿಟ್ಟಿರಲಿಲ್ಲ, ಆ ಕುರ್ಚಿಯೂ ಅವಳ ಬೆನ್ನುನೋವನ್ನು ಬಿಟ್ಟಿರಲಿಲ್ಲ.

ಒಂದು ಬೆಳಿಗ್ಗೆ ಬಸ್ ಡಿಪೋದ ಗುಮಾಸ್ತ, ಜೊತೆಗೊಬ್ಬ ಮೆಕ್ಯಾನಿಕ್ ಬಂದರು. ಡಿಪೋದ ಮೊದಲ ಹೆಂಗಸು ಡ್ರೈವರು ನಿವೃತ್ತಿಯಾಗುತ್ತಿದ್ದಾರೆ, ಬೀಳ್ಕೊಡುಗೆಗೆ ಅವರ ಚಿತ್ರದ ಅರವತ್ತು ಪೋಸ್ಟರು ಬೇಕು. ಗುಮಾಸ್ತ ಫೋನು ಮುಂದೆ ಹಿಡಿದ.

"ಅಕ್ಕಾ, ಜಪಾನಿನೋರ ಹಳೇ ಮರದಚ್ಚಿನ ಚಿತ್ರ ಇರುತ್ತಲ್ಲ, ಉಕಿಯೊ-ಎ ಅಂತಾರೆ, ಆ ಥರ. ಇದೇ ಫೋಟೋ ನೋಡ್ಕೊಂಡು."

ಫೋಟೋ ನೋಡಿದ ಕೂಡಲೇ ಅವಳ ಹುಬ್ಬು ಗಂಟಿಕ್ಕಿತು. ನಡುಮಧ್ಯಾಹ್ನದ ಬಿಸಿಲಲ್ಲಿ ಬಸ್ಸಿನ ಮುಂದಿನಿಂದ ಹೊಡೆದದ್ದು. ಡ್ರೈವರಮ್ಮನ ಅರ್ಧ ಮುಖ ಉರಿಯುತ್ತಿತ್ತು, ಇನ್ನರ್ಧ ನೆರಳಲ್ಲಿ ಮುಳುಗಿತ್ತು. ಸ್ಟೀರಿಂಗ್ ಹಿಡಿದ ಕೈಯಂತೂ ಕತ್ತಲೆಯ ಮುದ್ದೆ.

"ಬೇರೆ ಫೋಟೋ ಇಲ್ವಾ?"

"ಅವ್ರು ನಕ್ಕಿರೋ ಫೋಟೋ ಇದೊಂದೇ" ಎಂದ ಮೆಕ್ಯಾನಿಕ್. "ಅವ್ರಿಗೆ ಗೊತ್ತಾಗಬಾರದು, ಆಶ್ಚರ್ಯ ಆಗಬೇಕು. ಅದಕ್ಕೆ ಇನ್ನೊಂದು ಕೇಳೋ ಹಾಗಿಲ್ಲ."

ಮೈದುನನಿಗೆ ಎಲ್ಲವೂ ಚಿಟಿಕೆ ಹೊಡೆದಷ್ಟು ಸುಲಭ. ಅವನು ಫೋಟೋವನ್ನು ಕಂಪ್ಯೂಟರಿನ ಯಾವುದೋ ಫಿಲ್ಟರಿಗೆ ತುರುಕಿ, ಬಣ್ಣದ ಸಂಖ್ಯೆ ಐದಕ್ಕೆ ಇಳಿಸಿ, "ನೋಡಿ ಅತ್ತಿಗೆ, ಆಗೇ ಹೋಯ್ತು" ಎಂದ.

ಅವಳು ನೋಡಿದಳು. ಬಣ್ಣವೇನೋ ಐದೇ. ಆದರೆ ಫಿಲ್ಟರಿಗೆ ಮೂಗು ಯಾವುದು, ಮೂಗಿನ ನೆರಳು ಯಾವುದು ಎಂಬ ಗ್ಯಾನ ಎಲ್ಲಿಂದ ಬರಬೇಕು? ಅದಕ್ಕೆ ಗೊತ್ತಿದ್ದದ್ದು ಬೆಳಕು ಹೆಚ್ಚೋ ಕಮ್ಮಿಯೋ ಅಷ್ಟೇ. ಕೂದಲು, ಕೆನ್ನೆಯ ನೆರಳು, ಸೀಟು ಎಲ್ಲ ಒಂದೇ ಕಂದು ಬಣ್ಣದಲ್ಲಿ ಕಲಸಿಹೋಗಿದ್ದವು. ಗಾಜಿನ ಮೇಲಿನ ಕೆಸರಿನ ಚುಕ್ಕೆಗೂ ಕಣ್ಣಿಗೂ ಅಷ್ಟೇ ದಪ್ಪದ ಗೆರೆ. ಬಣ್ಣದ ಅಂಚುಗಳಲ್ಲೆಲ್ಲ ಸಾಸಿವೆ ಚೆಲ್ಲಿದ ಹಾಗೆ ಚೂರುಗಳು.

"ಇದು ಮುಖ ಅಲ್ಲಪ್ಪಾ, ಗೋಡೆ ಮೇಲಿನ ಬೂಷ್ಟು" ಎಂದಳು. "ಆ ಚಿತ್ರಗಳಲ್ಲಿ ನೆರಳೇ ಇರಲ್ಲ. ಮುಖ ಅಂದ್ರೆ ಒಂದೇ ಬಣ್ಣ, ಮಟ್ಟಸವಾಗಿ. ಕೆನ್ನೆ, ಗದ್ದ ಎಲ್ಲಾ ಗೆರೆನೇ ಹೇಳಬೇಕು. ಬಣ್ಣ ತೆಳುವಾಗ್ತಾ ಹೋಗೋದು ಆಕಾಶದಲ್ಲೋ ನೀರಲ್ಲೋ, ಮೂಗಿನ ಪಕ್ಕದಲ್ಲಲ್ಲ."

"ಅಷ್ಟೆಲ್ಲ ಯಾರು ನೋಡ್ತಾರೆ ಅತ್ತಿಗೆ?"

ಈ ಒಂದು ಮಾತಿಗೆ ಅವಳ ಮೈಯೆಲ್ಲ ಉರಿಯುತ್ತಿತ್ತು. ಪೆನ್ನು ಹಿಡಿದಳು.

ಮೊದಲು ಕಪ್ಪು ಗೆರೆ. ಹೊರ ಅಂಚಿಗೆ ದಪ್ಪ, ಮೂಗಿಗೆ ಕೂದಲೆಳೆಯಷ್ಟು ಸಣ್ಣ, ತೋಳಿನ ಮಡಿಕೆಯಲ್ಲಿ ಉಬ್ಬಿ ತುದಿಗೆ ಚೂಪಾಗಿ ಮುಗಿಯುವಂಥದು. ಆಮೇಲೆ ಬಣ್ಣಕ್ಕೊಂದು ಪದರ: ಬಸ್ಸಿಗೆ ಕೆಂಪು, ಸಮವಸ್ತ್ರಕ್ಕೆ ನೀಲಿ, ದೀಪಕ್ಕೆ ಹಳದಿ, ಮೈಬಣ್ಣ. ಬಸ್ಸಿನ ಪಕ್ಕದ ಮರಕ್ಕೆ ಹಸಿರು ಬೇಕಿತ್ತು, ಆರನೇ ಮಸಿ ಇರಲಿಲ್ಲ. ಹಳದಿಯ ಮೇಲೆ ತೆಳು ನೀಲಿ ಬೀಳಿಸಿ ಹಸಿರು ಹುಟ್ಟಿಸಿದಳು. ಪ್ರತಿ ಬಣ್ಣವನ್ನೂ ಕಪ್ಪು ಗೆರೆಯ ಅಡಿಗೆ ಸ್ವಲ್ಪ ಸರಿಸಿಟ್ಟಳು. ಹಾಳೆ ಕೂದಲಷ್ಟು ಜರುಗಿದರೂ ಬಿಳಿ ಸಂದು ಇಣುಕಬಾರದು.

ನೆರಳಿದ್ದ ಕಡೆಯೇ ಕಷ್ಟ. ಫೋಟೋ ಕತ್ತಲು ತೋರಿಸಿ ಸುಮ್ಮನಾಗಬಹುದು, ಗೆರೆ ಸುಮ್ಮನಾಗುವ ಹಾಗಿಲ್ಲ. ಕತ್ತಲೊಳಗಿನ ಕಿವಿ ಎಲ್ಲಿದೆ, ಬೆರಳು ಎತ್ತ ಮಡಚಿದೆ, ಎಲ್ಲವನ್ನೂ ‘ಇಲ್ಲಿದೆ’ ಎಂದು ಗೆರೆ ಹೇಳಲೇಬೇಕು. ಕಿವಿಯನ್ನು ಇನ್ನೊಂದು ಕಿವಿ ನೋಡಿ ಬರೆದಳು. ಕೈಗೆ ಏನು ಮಾಡುವುದು? ಅಡುಗೆಮನೆಯಿಂದ ತಟ್ಟೆ ತಂದು, ತಾನೇ ಸ್ಟೀರಿಂಗ್ ಹಿಡಿದಂತೆ ಹಿಡಿದು, ಹೆಬ್ಬೆರಳನ್ನು ಒಳಗೆ ಸುತ್ತಿ ಬಿಗಿಯಾದ ಮುಷ್ಟಿ ಬರೆದಳು. ನೋಡಲು ಗಟ್ಟಿಯಾಗಿ ಕಾಣಿಸಿತು.

ತೋರಿಸಿದಾಗ ಗುಮಾಸ್ತ ತಲೆ ಕೆರೆದುಕೊಂಡ. "ಚೆನ್ನಾಗಿದೆ ಅಕ್ಕಾ. ಆದ್ರೆ ಮುಖ ಸ್ವಲ್ಪ ಚಪ್ಪಟೆ ಆಯ್ತೇನೋ. ಕೆನ್ನೆ ಹತ್ರ ಒಂಚೂರು ನೆರಳು…"

"ಚಪ್ಪಟೆ ಬೇಕು ಅಂತಲೇ ಅಲ್ವೇನಪ್ಪಾ ನೀವು ಬಂದಿದ್ದು!"

"ಸುಕ್ಕು ಎಲ್ಲಿ ಹೋಯ್ತು?" ಎಂದ ಮೆಕ್ಯಾನಿಕ್. ಕಣ್ಣಿನ ಪಕ್ಕ ಮೂರು ಗೆರೆ ಹಾಕಿದಳು. "ಅಯ್ಯೋ, ಮುದುಕಿ ಆಗೋದ್ರು" ಎಂದ. ಎರಡನ್ನು ಅಳಿಸಿದಳು. "ಬಸ್ಸಿನ ಕೆಂಪಿನಲ್ಲಿ ಹೊಳಪಿಲ್ಲ" ಎಂದ ಗುಮಾಸ್ತ. ಹೊಳಪು ಬರಲ್ಲ ಎಂದಳು. ಹೀಗೆ ನಾಲ್ಕು ಸಲ. ಕೊನೆಗೆ ಅವಳ ತಾಳ್ಮೆಯ ಕಟ್ಟೆ ಒಡೆಯಿತು. "ನಿಮಗೆ ಫೋಟೋನೇ ಬೇಕಾದ್ರೆ ಫೋಟೋನೇ ದೊಡ್ಡದು ಮಾಡಿಸ್ಕೊಳ್ಳಿ" ಎಂದು ಪೆನ್ನು ಇಟ್ಟುಬಿಟ್ಟಳು.

ಮರುದಿನ ಅವಳು ಬರುವಷ್ಟರಲ್ಲಿ ಮೈದುನ ಗಿರಾಕಿಯ ಮನಸ್ಸು ತಣಿಸಲೆಂದು ಫಿಲ್ಟರಿನ ಚಿತ್ರಕ್ಕೇ ಮಸಿ ಇಳಿಯುವ ಜಾಲರಿ ಪರದೆ ತಯಾರಿಸಿ ಅಚ್ಚು ಶುರುಮಾಡಿದ್ದ. ಆ ಸಾಸಿವೆ ಚೂರುಗಳಲ್ಲಿ ಅರ್ಧದಷ್ಟರ ತೂತು ಪರದೆ ತೊಳೆಯುವಾಗಲೇ ಸರಿಯಾಗಿ ತೆರೆದುಕೊಂಡಿರಲಿಲ್ಲ, ಉಳಿದರ್ಧ ಮಸಿ ಒಣಗಿ ಕಟ್ಟಿಕೊಂಡವು. ಹತ್ತನೇ ಹಾಳೆಗೆ ಡ್ರೈವರಮ್ಮನಿಗೆ ಸಿಡುಬು ಬಂದಿತ್ತು. ಅವನು ಪರದೆಗಳನ್ನು ತೊಟ್ಟಿಗೆ ಹಾಕಿದ. ಅವಳು ತನ್ನ ಐದು ಪದರ ಕೊಟ್ಟಳು. ಇಬ್ಬರೂ ಸೇರಿ ಹೊಸ ಪರದೆಗಳ ಮೇಲೆ ಮಸಿ ಸುರಿದು ರಬ್ಬರು ಪಟ್ಟಿ ಎಳೆದರು. ಕಪ್ಪು ಕೊನೆಗೆ. ಅದು ಬಿದ್ದ ಕ್ಷಣ ಚೆದುರಿದ ಬಣ್ಣಗಳೆಲ್ಲ ಒಬ್ಬ ಹೆಂಗಸಾಗಿ ಕೂಡಿಕೊಂಡವು. ಮೈದುನ ಹಾಳೆಯನ್ನು ಬೆಳಕಿಗೆ ಹಿಡಿದು "ಬಂತು ಅತ್ತಿಗೆ" ಎಂದ. ಆ ವಾರದಲ್ಲಿ ಅವಳಿಗೆ ನೆಮ್ಮದಿ ಸಿಕ್ಕದ್ದು ಅದೊಂದೇ ಗಳಿಗೆ.

ಬೀಳ್ಕೊಡುಗೆಯ ಮಾರನೇ ದಿನ ಡ್ರೈವರಮ್ಮನೇ ಅಂಗಡಿಗೆ ಬಂದರು, ಕೈಯಲ್ಲಿ ಸುರುಳಿ ಸುತ್ತಿದ ಪೋಸ್ಟರು.

"ಬರೆದೋರು ನೀವೇನಾ? ತುಂಬ ಚೆನ್ನಾಗಿ ಬರೆದಿದ್ದೀರಿ. ನನ್ನ ಮೊಮ್ಮಗಳು ಒಂದೇ ನೋಟಕ್ಕೆ ಗುರುತು ಹಿಡಿದಳು." ಆಮೇಲೆ ಹಾಳೆ ಬಿಡಿಸಿ ಕೈಯ ಮೇಲೆ ಬೆರಳಿಟ್ಟರು. "ಆದ್ರೆ ನಾನು ಯಾವತ್ತೂ ಹೀಗೆ ಹಿಡಿದಿಲ್ಲ ಕಣಮ್ಮಾ. ಹೆಬ್ಬೆರಳು ಒಳಗೆ ಸುತ್ತಿಟ್ರೆ, ಚಕ್ರ ಗುಂಡಿಗೆ ಬಿದ್ದು ಸ್ಟೀರಿಂಗ್ ಒದ್ದಾಗ ಬೆರಳು ಮುರಿಯುತ್ತೆ. ಹೆಬ್ಬೆರಳು ಅಂಚಿನ ಮೇಲೆ ಉದ್ದಕ್ಕೆ ಮಲಗಿರಬೇಕು. ಹೊಸಬರಿಗೆ ನಾನು ಕಲಿಸ್ತಿದ್ದ ಮೊದಲ ಪಾಠ ಇದು. ಈಗ ಈ ಚಿತ್ರಾನ ತರಬೇತಿ ಕೋಣೆಗೇ ಹಾಕ್ತಾರಂತೆ."

ಗೆರೆಯಕ್ಕನಿಗೆ ನೆಲ ಬಾಯಿ ಬಿಟ್ಟರೆ ಸಾಕೆನಿಸಿತು. ಕೆನ್ನೆಯ ನೆರಳಿಗೆ ಜಗಳ, ಸುಕ್ಕಿಗೆ ಜಗಳ. ಬೆರಳಿನ ಬಗ್ಗೆ ಆ ಇಬ್ಬರನ್ನು ಒಂದು ಮಾತು ಕೇಳಿರಲಿಲ್ಲ. ಮೆಕ್ಯಾನಿಕ್ ಎದುರಿಗೇ ಕೂತಿದ್ದ!

"ಒಂದು ಬೆರಳು ತಾನೇ, ಯಾರು ನೋಡ್ತಾರೆ" ಎಂದ ಮೈದುನ.

"ಇವ್ರು ನೋಡಿದ್ರಲ್ಲ" ಎಂದಳು ಅವಳು, ಬಿರುಸಾಗಿ. ಬಿರುಸು ಅವನ ಮೇಲಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಡ್ರೈವರಮ್ಮನನ್ನು ಸ್ಟೂಲಿನ ಮೇಲೆ ಕೂರಿಸಿ, ಕೈಗೆ ಅದೇ ತಟ್ಟೆ ಕೊಟ್ಟು, ಕಿಟಕಿಯ ಬೆಳಕಲ್ಲಿ ಆ ಕೈ ನೋಡುತ್ತ ಹೊಸ ಗೆರೆ ಎಳೆದಳು. ಕಪ್ಪಿನದೂ ಮೈಬಣ್ಣದ್ದೂ ಪರದೆ ಹೊಸದಾಗಿ ಆಯಿತು. ಮೈದುನ ಗೊಣಗುತ್ತ ಹನ್ನೆರಡು ಹಾಳೆ ಅಚ್ಚು ಹಾಕಿಕೊಟ್ಟ, ಹದಿಮೂರನೆಯದಕ್ಕೆ ಒಪ್ಪಲಿಲ್ಲ. ತರಬೇತಿ ಕೋಣೆಗೆ ಸರಿಯಾದದ್ದು ಹೋಯಿತು. ಮೊದಲಿನ ಅರವತ್ತು ಆಗಲೇ ಮನೆಮನೆ ಸೇರಿದ್ದವು. ಅವುಗಳಲ್ಲೊಂದನ್ನು ಡಿಪೋದ ಹೆಬ್ಬಾಗಿಲ ಬಳಿ ಗಾಜು ಹಾಕಿ ತೂಗುಹಾಕಿದ್ದರು, ಕೆಳಗಿಳಿಸಲು ಗುಮಾಸ್ತ ಒಪ್ಪಲಿಲ್ಲ. ಎಲ್ಲರಿಗೂ ಅದೇ ಇಷ್ಟವಂತೆ, ಮುಷ್ಟಿ ಗಟ್ಟಿಯಾಗಿದೆಯಂತೆ.

ಸಂತೆಗೆ ಹೋಗುವಾಗ ಬಸ್ಸು ಆ ಬಾಗಿಲ ಮುಂದೆಯೇ ತಿರುಗುತ್ತದೆ. ಗೆರೆಯಕ್ಕ ಆಗ ಚೀಲದಲ್ಲಿ ಏನನ್ನೋ ಹುಡುಕತೊಡಗುತ್ತಾಳೆ.